ಚದರ ಅಡಿಯೋ, ದಿನಗೂಲಿಯೋ?

ಮನೆಗೆ ಬಣ್ಣ ಹೊಡೆಸುವವರು ಪೇಂಟರನ್ನು ಮೊದಲು ಕೇಳುವುದೇ ‘ಅಡಿಗೆ ಎಷ್ಟು?’ ಎಂದು. ಹೊಸ ಮನೆಗೆ ಅದು ಸರಿಯಾದ ಪ್ರಶ್ನೆ. ಪುಟ್ಟಿ, ಪ್ರೈಮರ್, ಎರಡು ಕೋಟ್ ಎಮಲ್ಷನ್ ಎಂದು ಕೆಲಸವನ್ನು ಮೊದಲೇ ಗೊತ್ತುಮಾಡಬಹುದು. ಟೇಪು ಹಿಡಿದು ಅಳೆದರಾಯಿತು. ಬಚ್ಚಲಿಗೆ ಅಂಟಿಕೊಂಡ ಹಳೆಯ ಕೋಣೆಯ ಮಾತು ಬೇರೆ. ಹಳೆ ಬಣ್ಣದ ಅಡಿಯಲ್ಲಿ ಏನಿದೆ ಎಂಬುದು ಕೆರೆದು ನೋಡುವವರೆಗೆ ಪೇಂಟರಿಗೂ ತಿಳಿಯದು.

10 ಅಡಿಗೆ 12 ಅಡಿಯ, 10 ಅಡಿ ಎತ್ತರದ ಕೋಣೆಯೊಂದನ್ನು ತೆಗೆದುಕೊಳ್ಳಿ. ಗೋಡೆ 440, ಸೀಲಿಂಗ್ 120, ಒಟ್ಟು 560 ಚದರ ಅಡಿ. (ಬಾಗಿಲು, ಕಿಟಕಿ ಕಳೆಯಬೇಕೋ ಬೇಡವೋ ಎಂಬುದನ್ನು ಅಳೆಯುವ ಮೊದಲೇ ಮಾತಾಡಿಕೊಳ್ಳಿ.) ಎರಡು ಗೋಡೆಗಳ ಕೆಳಗಿನ 4 ಅಡಿ ತೇವ ಹಿಡಿದು ಉಪ್ಪು ಬಂದಿದೆ. ಅದು 88 ಚದರ ಅಡಿ ಅಷ್ಟೇ. ಆದರೆ ಗಾರೆಯವರೆಗೆ ಕೆರೆದು, ಉಪ್ಪು ಉಜ್ಜಿ ತೆಗೆದು, ಸಡಿಲವಾದ ಗಾರೆ ಕಿತ್ತು ಮೆತ್ತುವುದಕ್ಕೆ ಇಬ್ಬರಿಗೆ ಎರಡು ದಿನ ಹಿಡಿಯಬಹುದು. ಇಬ್ಬರ ಕೂಲಿ ದಿನಕ್ಕೆ 1,800 ರೂಪಾಯಿ ಎಂದಿಟ್ಟುಕೊಂಡರೆ 3,600.

ಇದನ್ನೂ ಅಡಿ ಲೆಕ್ಕಕ್ಕೆ ಸೇರಿಸಿ ಎಂದರೆ ಕಂಟ್ರಾಕ್ಟರಿಗೆ ಇರುವುದು ಎರಡೇ ದಾರಿ. ಆ ಹಣವನ್ನು 560 ಅಡಿಗೂ ಹಂಚಿ, ಅಡಿಗೆ ಆರೂವರೆ ರೂಪಾಯಿ ಏರಿಸುತ್ತಾನೆ. ಇಲ್ಲವೇ ಉಪ್ಪಿನ ಮೇಲೆಯೇ ಪುಟ್ಟಿ ಎಳೆಯುತ್ತಾನೆ. ದರ ತಗ್ಗಿಸಲು ಹೆಚ್ಚು ಚೌಕಾಸಿ ಮಾಡಿದವರ ಮನೆಯಲ್ಲಿ ಆಗುವುದು ಎರಡನೆಯದು. ಮಳೆಗಾಲ ಬಂದಾಗ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಹಾಗಾಗಿ ಕೆಲಸವನ್ನೇ ಎರಡು ಭಾಗ ಮಾಡಬೇಕು. ಆ 88 ಅಡಿಯ ರಿಪೇರಿ ದಿನಗೂಲಿ ಮತ್ತು ಸಾಮಾನಿನ ಲೆಕ್ಕಕ್ಕೆ. ಆಮೇಲಿನ ಪುಟ್ಟಿ, ಬಣ್ಣವೆಲ್ಲ 560ಕ್ಕೂ ಅಡಿ ಲೆಕ್ಕಕ್ಕೆ. ದಿನಗೂಲಿ ಎಳೆಯುತ್ತದೆಂಬ ಭಯ ಸಹಜವೇ. ಮೊದಲ ದಿನ ಒಂದು ಗೋಡೆಯನ್ನಷ್ಟೇ ಕೊಟ್ಟು, ಸಂಜೆ ಎಷ್ಟು ಅಡಿ ಆಯಿತೆಂದು ಅಳೆಯಿರಿ. ಉಳಿದದ್ದಕ್ಕೆ ಎಷ್ಟು ದಿನ ಎಂಬುದು ಅಲ್ಲೇ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾದರೆ ಕಾರಣ ಕೇಳುವ ಹಕ್ಕು ನಿಮಗಿದೆ. ಪೈಪಿನ ಸೋರಿಕೆ ನಿಲ್ಲದೆ, ಗೋಡೆ ಒಣಗದೆ ಈ ಕೆಲಸಕ್ಕೆ ಕೈಹಾಕಿಸಬೇಡಿ. ಯಾವ ಲೆಕ್ಕದಲ್ಲಿ ಕೊಟ್ಟರೂ ಆ ಹಣ ನೀರುಪಾಲು.

ಅಡಿ ಲೆಕ್ಕದಲ್ಲಿ ಕಾಯಬೇಕಾದದ್ದು ಕೋಟ್‌ಗಳನ್ನು. ಪ್ರೈಮರ್ ಆದ ನಯವಾದ ಗೋಡೆಗೆ ಒಂದು ಲೀಟರ್ ಎಮಲ್ಷನ್ ಎರಡು ಕೋಟ್‌ಗೆ ಸುಮಾರು 100ರಿಂದ 140 ಚದರ ಅಡಿ ಬರುತ್ತದೆ. ಈ ಕೋಣೆಗೆ ನಾಲ್ಕರಿಂದ ಐದೂವರೆ ಲೀಟರ್ ಬೇಕು. ಮೂರೇ ಲೀಟರಿನಲ್ಲಿ ಮುಗಿದಿದ್ದರೆ ಒಂದೋ ನೀರು ಹೆಚ್ಚಾಗಿದೆ, ಇಲ್ಲವೇ ಒಂದು ಕೋಟ್ ತಪ್ಪಿದೆ. ಖಾಲಿ ಡಬ್ಬಗಳನ್ನು ಕೆಲಸ ಮುಗಿಯುವವರೆಗೆ ಮನೆಯಲ್ಲೇ ಇರಿಸಿಕೊಳ್ಳಿ. ಪುಟ್ಟಿ ಒಣಗಿದ ಮೇಲೆ ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡ ಬೆಳಕು ಬಿಟ್ಟು ನೋಡಿ. ಉಬ್ಬುತಗ್ಗು ಕಂಡರೆ ಪ್ರೈಮರಿಗೆ ಮೊದಲೇ ಉಜ್ಜಿಸಿ. ಬಣ್ಣ ಬಿದ್ದ ಮೇಲೆ ತಿದ್ದಲು ಮತ್ತೆ ಪುಟ್ಟಿಯಿಂದಲೇ ಶುರು ಮಾಡಬೇಕಾಗುತ್ತದೆ.