ಮಾತ್ರೆ ನಿಲ್ಲಿಸಿದ ಮೇಲಿನ ಪರೀಕ್ಷೆ

ಚಿಕ್ಕರಸಿನಕೆರೆ ಸುತ್ತಿನ ನೀರಾವರಿ ಬಯಲಿನಲ್ಲಿ ಭತ್ತವೂ ಉಂಟು, ಕಬ್ಬೂ ಉಂಟು. ಅವೆರಡರ ಜೊತೆಗೆ ಇಲಿ, ಇಲಿಯ ಹಿಂದೆ ಇಲಿ ಪಾಷಾಣ. ಪಾಷಾಣ ಎಂದರೆ ಎಲ್ಲವೂ ಒಂದೇ ಅಲ್ಲ. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್ ತಿಂದ ನಾಯಿ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ವಾಂತಿ ಮಾಡಿಕೊಂಡು ಒದ್ದಾಡುತ್ತದೆ; ಅಲ್ಲಿ ವಿಟಮಿನ್ ಕೆ ಕೆಲಸಕ್ಕೆ ಬರುವುದಿಲ್ಲ. ಬ್ರೊಮಾಡಿಯೊಲೋನ್ ಕೇಕು ತಿಂದ ನಾಯಿಯಾದರೋ ಅಂದು, ಮರುದಿನ ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಆದ್ದರಿಂದ ವೈದ್ಯರ ಬಳಿ ಓಡುವಾಗ ನಾಯಿಯ ಜೊತೆ ಪೊಟ್ಟಣವನ್ನೂ ಒಯ್ಯಬೇಕು.

ಈ ತಡಕ್ಕೆ ಕಾರಣವಿದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ನಾಲ್ಕನ್ನು (2, 7, 9 ಮತ್ತು 10) ಲಿವರ್ ತಯಾರಿಸುವುದು ವಿಟಮಿನ್ ಕೆ ಬಲದಿಂದ. ಬಳಸಿದ ವಿಟಮಿನ್ನನ್ನು ದೇಹ ಮತ್ತೆ ಮತ್ತೆ ಬಳಕೆಗೆ ತಂದುಕೊಳ್ಳುವ ದಾರಿಯನ್ನು ಬ್ರೊಮಾಡಿಯೊಲೋನ್ ಕಟ್ಟಿಹಾಕುತ್ತದೆ. ಹಳೆಯ ದಾಸ್ತಾನು ಇರುವವರೆಗೆ ಏನೂ ಕಾಣದು. ಮೊದಲು ಖಾಲಿಯಾಗುವುದು ಏಳನೆಯ ಅಂಶ. ಅದರ ಅರ್ಧಾಯು ಸುಮಾರು ಆರು ಗಂಟೆ. ಅದನ್ನು ಅಳೆಯುವ ಪ್ರೋಥ್ರಾಂಬಿನ್ ಟೈಮ್, ಅಂದರೆ ಪಿ.ಟಿ., ಒಂದೂವರೆಯಿಂದ ಎರಡು ದಿನದೊಳಗೆ ಏರುತ್ತದೆ. ರಕ್ತ ಸೋರುವುದು ಹೆಚ್ಚಾಗಿ ಮೂರರಿಂದ ಐದನೆಯ ದಿನ.

ಆಗ ಮಾಲೀಕ ಹೇಳುವುದು, "ಸಾ, ನಾಯಿ ಮೂಗಲ್ಲಿ ರಕ್ತ ಬತ್ತಾ ಅದೆ." ಉಣ್ಣೆ ಕಚ್ಚುವ ಊರಲ್ಲಿ ಮೊದಲ ಅನುಮಾನ ಉಣ್ಣೆ ಜ್ವರದ ಮೇಲೆ ಬೀಳುವುದು ಸಹಜ. ಆದರೆ ಉಣ್ಣೆ ಜ್ವರದಲ್ಲಿ ಕುಸಿಯುವುದು ಪ್ಲೇಟ್‌ಲೆಟ್, ಪಿ.ಟಿ. ಸಾಮಾನ್ಯವಾಗಿ ಸರಿಯಾಗಿರುತ್ತದೆ. ಪಾಷಾಣದಲ್ಲಿ ಪಿ.ಟಿ. ಮಿತಿ ಮೀರಿ ಉದ್ದವಾಗುತ್ತದೆ. ಎಷ್ಟೋ ಸಲ ಮೂಗಿನ ರಕ್ತವೂ ಇರುವುದಿಲ್ಲ; ಎದೆಗೂಡಿನೊಳಗೆ ಸೋರಿ, ಬಿಳುಚಿದ ವಸಡು, ಏದುಸಿರು, ಕೆಮ್ಮು ಮಾತ್ರ ಕಾಣುತ್ತದೆ.

ಪಿ.ಟಿ. ಯಂತ್ರ ಹತ್ತಿರವಿಲ್ಲದ ಕಡೆ ಗಾಜಿನ ಕೊಳವೆಯಲ್ಲಿ ರಕ್ತ ಬಿಟ್ಟು, ಹೆಪ್ಪುಗಟ್ಟುವ ಹೊತ್ತು ನೋಡುವುದುಂಟು. ಇಪ್ಪತ್ತು ನಿಮಿಷ ಕಳೆದರೂ ರಕ್ತ ನೀರಾಗಿಯೇ ಇದ್ದರೆ ಗಂಭೀರ ತೊಂದರೆಯೆಂದು ಖಚಿತ (ಮಂಡಲದ ಹಾವು ಕಚ್ಚಿದರೂ ಹೀಗಾಗಬಹುದು). ಹೆಪ್ಪುಗಟ್ಟಿತೆಂದು ನೆಮ್ಮದಿ ಪಡುವುದು ಮಾತ್ರ ತಪ್ಪು: ಈ ಪರೀಕ್ಷೆ ಏಳನೆಯ ಅಂಶವನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಮೊದಲ ಹಂತದ ವಿಷ ಇದರ ಕಣ್ಣಿಗೆ ಬೀಳದು. ಮನುಷ್ಯರ ಲ್ಯಾಬಿಗೆ ಕಳಿಸಿದರೂ ಒಂದು ತೊಡಕಿದೆ. ನಾಯಿಯ ಪಿ.ಟಿ. ಮನುಷ್ಯರಿಗಿಂತ ಕಡಿಮೆ, ಬಹುಪಾಲು ಹತ್ತು ಸೆಕೆಂಡಿನೊಳಗೆ. ವರದಿಯಲ್ಲಿ "13 ಸೆಕೆಂಡು, ನಾರ್ಮಲ್" ಎಂದಿದ್ದರೆ ಅದು ಮನುಷ್ಯನಿಗೆ ನಾರ್ಮಲ್. ಆರೋಗ್ಯವಂತ ನಾಯಿಯೊಂದರ ರಕ್ತವನ್ನೂ ಜೊತೆಗಿಟ್ಟು ಹೋಲಿಸುವುದೇ ಸರಿಯಾದ ದಾರಿ. ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬನ್ನು ಗುರುತಿನವರೆಗೆ ತುಂಬಬೇಕು. ಕಡಿಮೆ ತುಂಬಿದರೆ ಸುಳ್ಳು ಏರಿಕೆ ಬರುತ್ತದೆ.

ಚಿಕಿತ್ಸೆಯಲ್ಲಿ ಹೆಚ್ಚು ಎಡವುವುದು ಎರಡು ಕಡೆ. ಒಂದು, ವಿಟಮಿನ್ ಕೆ ಎಂದು ಕೆ3 ಚುಚ್ಚುವುದು. ಈ ವಿಷಕ್ಕೆ ಅದು ಮದ್ದಲ್ಲ. ಬೇಕಾದದ್ದು ಕೆ1, ಅಂದರೆ ಫೈಟೊಮೆನಾಡಿಯೋನ್. ಎರಡು, ನಾಯಿ ಚೇತರಿಸಿಕೊಂಡಿತೆಂದು ವಾರದೊಳಗೆ ನಿಲ್ಲಿಸುವುದು. 20 ಕಿಲೋ ತೂಗುವ ತೋಟದ ನಾಯಿಯ ಲೆಕ್ಕ ಹಿಡಿಯೋಣ. ಕಿಲೋಗೆ ದಿನಕ್ಕೆ 5 ಮಿ.ಗ್ರಾಂನಂತೆ 100 ಮಿ.ಗ್ರಾಂ, 10 ಮಿ.ಗ್ರಾಂ ಮಾತ್ರೆಯಾದರೆ ಬೆಳಿಗ್ಗೆ ಐದು, ಸಂಜೆ ಐದು, ಜಿಡ್ಡಿರುವ ಊಟದೊಂದಿಗೆ. ಹೊಸ ಅಂಶಗಳು ತಯಾರಾಗಲು ಆರರಿಂದ ಹನ್ನೆರಡು ಗಂಟೆ ಬೇಕು; ಆಗಲೇ ರಕ್ತ ಸೋರುತ್ತಿದ್ದರೆ ಅಲ್ಲಿಯವರೆಗೆ ಜೀವ ಹಿಡಿದಿಡುವುದು ಮತ್ತೊಂದು ನಾಯಿಯ ರಕ್ತ ಅಥವಾ ಪ್ಲಾಸ್ಮಾ. ಮೂರನೆಯ ದಿನಕ್ಕೆ ನಾಯಿ ಎದ್ದು ಓಡಾಡುತ್ತದೆ, ಪಿ.ಟಿ.ಯೂ ಸರಿಯಿರುತ್ತದೆ. ಅದು ಮದ್ದಿನ ಆಸರೆ ಅಷ್ಟೇ, ವಿಷ ಲಿವರಿನಲ್ಲಿ ವಾರಗಟ್ಟಲೆ ಉಳಿದಿರುತ್ತದೆ. ಮದ್ದು ನಡೆಯುತ್ತಿರುವಾಗ ಬಂದ ನಾರ್ಮಲ್ ವರದಿ, ಮದ್ದು ಹೊಟ್ಟೆಗೆ ಸೇರುತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ.

ನಿಜವಾದ ಉತ್ತರ ಸಿಗುವುದು ಮೂರು-ನಾಲ್ಕು ವಾರದ ಮದ್ದು ಮುಗಿಸಿ, ಕೊನೆಯ ಮಾತ್ರೆಯಾದ 48ರಿಂದ 72 ಗಂಟೆಯೊಳಗೆ ಮಾಡುವ ಪಿ.ಟಿ.ಯಲ್ಲಿ. ಅದಕ್ಕೂ ಮೊದಲು ಮಾಡಿದರೆ ಮದ್ದಿನ ಪ್ರಭಾವ ಇನ್ನೂ ಇಳಿದಿರುವುದಿಲ್ಲ. ತೀರಾ ತಡವಾದರೆ ಪರೀಕ್ಷೆಗಿಂತ ಮೊದಲೇ ರಕ್ತ ಸೋರಬಹುದು. ಉದ್ದವಾಗಿದ್ದರೆ ಇನ್ನೆರಡು ವಾರ ಮಾತ್ರೆ, ಮತ್ತೆ ಅದೇ ಅಂತರದಲ್ಲಿ ಅದೇ ಪರೀಕ್ಷೆ.

ಕೇಕು ತಿಂದ ಕೂಡಲೇ ಬಂದ ನಾಯಿಗೆ ವಾಂತಿ ಮಾಡಿಸಿ, ಮದ್ದು ಕೊಡದೆ 48 ಮತ್ತು 72 ಗಂಟೆಗೆ ಪಿ.ಟಿ. ನೋಡಿ ನಿರ್ಧರಿಸುವ ಕ್ರಮವೂ ಇದೆ. ಪುಸ್ತಕದ ಪ್ರಕಾರ ಅದು ಸರಿ. ಆದರೆ ಒಂದು ವರದಿಗಾಗಿ ಮಂಡ್ಯಕ್ಕೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಹೋಗಬೇಕಾದ ಮನೆಗೆ ಮೊದಲ ದಿನವೇ ಪೂರ್ತಿ ಕೋರ್ಸು ಶುರುಮಾಡುವುದು ಕ್ಷೇಮ. ಒಂದೆರಡು ಡೋಸು ಕೊಟ್ಟು ಆಮೇಲೆ ಪರೀಕ್ಷೆ ಮಾಡುವುದಂತೂ ಬೇಡ; ಆ ವರದಿಯಿಂದ ಏನೂ ತಿಳಿಯುವುದಿಲ್ಲ. ಕೊನೆಯ ಪಿ.ಟಿ. ಸಾಧ್ಯವೇ ಆಗದಿದ್ದರೆ ನಾಲ್ಕು ವಾರ ಪೂರ್ತಿ ಮಾತ್ರೆ ಕೊಟ್ಟು, ನಿಲ್ಲಿಸಿದ ಮೇಲೆ ಒಂದು ವಾರ ನಾಯಿಯನ್ನು ಗದ್ದೆಗೆ ಬಿಡದೆ, ದಿನಕ್ಕೆರಡು ಸಲ ತುಟಿ ಎತ್ತಿ ವಸಡು ನೋಡಬೇಕು. ಗುಲಾಬಿ ಬಣ್ಣ ಮಾಸಿದರೆ, ಕುಂಟಿದರೆ, ಕೆಮ್ಮಿದರೆ ಬೆಳಗಾಗಲೆಂದು ಕಾಯದೆ ಕೆ1 ಮತ್ತೆ ಶುರುಮಾಡಿ ವೈದ್ಯರ ಬಳಿ ಒಯ್ಯಬೇಕು.