ಮೈಕ್ ಮುಂದೆ, ಸ್ಪೀಕರ್ ಹಿಂದೆ

ತಾಲ್ಲೂಕು ಕೇಂದ್ರವೊಂದರ ಸಭಾಭವನ. ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಸ್ಪೀಕರ್ ಎರಡು ಮೂರು ಸಲವಾದರೂ ಕಿರುಚಬೇಕು, ಸಭಿಕರು ಕಿವಿ ಮುಚ್ಚಿಕೊಳ್ಳಬೇಕು. ಅದಿಲ್ಲದೆ ಅಲ್ಲಿ ಕಾರ್ಯಕ್ರಮವೇ ಇಲ್ಲ. ಹೆಚ್ಚು ವ್ಯಾಟಿನ ಹೊಸ ಆಂಪ್ಲಿಫೈಯರ್ ಕೊಂಡರೆ ಸರಿಹೋದೀತೆಂದು ಸಮಿತಿ ತೀರ್ಮಾನಿಸಿ, ಊರಿನ ಸೌಂಡ್ ತಂತ್ರಜ್ಞರೊಬ್ಬರಿಂದ ಕೊಟೇಶನ್ ಕೇಳಿತು. ಅವರು ಕೊಟೇಶನ್ ಕೊಡಲಿಲ್ಲ. ಮೂರು ಪುಟದ ಪತ್ರ ಬರೆದುಕೊಟ್ಟರು.

ವ್ಯಾಪಾರವನ್ನು ತಾನೇ ಬಿಟ್ಟುಕೊಡುವ ಪತ್ರವೆಂಬ ಕಾರಣಕ್ಕೆ ಅದರ ಮೇಲೆ ಗೌರವ ಹುಟ್ಟುತ್ತದೆ, ನಿಜ. ಆದರೆ ಅದನ್ನು ತೂಗಬೇಕಾದದ್ದು ಅದು ಹೇಳುವ ವಿಷಯದಿಂದ.

ಮೊದಲ ಪುಟ ಕಾರಣಕ್ಕೆ ಮೀಸಲು. ಮೈಕ್ ಹಿಡಿದ ದನಿ ಸ್ಪೀಕರಿನಿಂದ ದೊಡ್ಡದಾಗಿ ಹೊರಬರುತ್ತದೆ. ಅದರ ಒಂದು ಪಾಲು ಮರಳಿ ಅದೇ ಮೈಕಿಗೆ ಬೀಳುತ್ತದೆ. ಮರಳಿ ಬಂದದ್ದು ಮೊದಲು ಹೋದದ್ದಕ್ಕಿಂತ ಕಡಿಮೆಯಿದ್ದರೆ ಸುತ್ತು ತಾನಾಗಿ ನಂದುತ್ತದೆ. ಯಾವುದಾದರೊಂದು ಸ್ವರದಲ್ಲಿ ಅದು ಹೆಚ್ಚಾಯಿತೋ, ಸುತ್ತು ಸುತ್ತಿಗೂ ಬೆಳೆದು ಕೂಗಾಗುತ್ತದೆ. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಅವರ ಹೆಸರಿನಲ್ಲಿ ಪುಸ್ತಕಗಳು ಗುರುತಿಸುವುದು ಇದನ್ನೇ. ತಂತ್ರಜ್ಞರು ಆ ಹೆಸರಿನ ಗೋಜಿಗೆ ಹೋಗಿಲ್ಲ. ಬದಲಿಗೆ ಒಂದು ಲೆಕ್ಕ ಕೊಟ್ಟಿದ್ದಾರೆ, ಪತ್ರದಲ್ಲಿ ಅತ್ಯಂತ ಚೆನ್ನಾಗಿರುವ ಭಾಗ ಅದೇ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸ್ಪೀಕರ್ ಮೈಕಿನಿಂದ 3.4 ಮೀಟರ್ ದೂರವಿದ್ದರೆ ಒಂದು ಸುತ್ತಿಗೆ ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಪ್ರತಿ ಸುತ್ತಿಗೆ ಬರೀ 1 ಡೆಸಿಬಲ್ ಏರಿದರೂ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ 10 ಡೆಸಿಬಲ್ ಏರುತ್ತದೆ. ಕಿವಿಗೆ ಅದು ಹೆಚ್ಚುಕಡಿಮೆ ಎರಡು ಪಟ್ಟು ಜೋರು. ಮಿಕ್ಸರ್ ಮುಂದೆ ಕೂತ ಹುಡುಗನನ್ನು ಪ್ರತಿ ಸಭೆಯಲ್ಲೂ ಬೈಯುವವರು ಈ ಸಾಲನ್ನು ಎರಡು ಸಲ ಓದಬೇಕು. ಅವನ ಕೈ ಗುಂಡಿಗೆ ಹೋಗುವ ಮೊದಲೇ ಎಲ್ಲ ಮುಗಿದಿರುತ್ತದೆ.

ದೊಡ್ಡ ಆಂಪ್ಲಿಫೈಯರ್ ಏಕೆ ಬೇಡ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಕೂಗು ಹುಟ್ಟುವುದು ಸುತ್ತಿನ ಒಟ್ಟು ಏರಿಕೆಯಿಂದ, ಯಂತ್ರದ ವ್ಯಾಟಿನಿಂದಲ್ಲ. ಹೊಸದನ್ನು ತಂದರೆ ಗುಂಡಿ ಇನ್ನೂ ಕೆಳಗಿರುವಾಗಲೇ ಕೂಗು ಶುರುವಾಗುತ್ತದೆ, ಅಷ್ಟೆ. ಸಭೆಗೆ ಕೇಳುವ ದನಿ ಹಿಂದಿನಷ್ಟೇ.

ಎರಡನೇ ಪುಟದಲ್ಲಿ ವೇದಿಕೆಯ ಚಿತ್ರವಿದೆ. ಬ್ಯಾನರಿನ ಎರಡೂ ಪಕ್ಕ, ಹಿಂಗೋಡೆಗೆ ಒತ್ತಿಕೊಂಡು ಎರಡು ಸ್ಪೀಕರ್. ಅವುಗಳ ಮುಂದೆ 2 ಮೀಟರ್ ದೂರದಲ್ಲಿ ಭಾಷಣದ ಮೈಕ್. ನೋಡಲು ಲಕ್ಷಣವಾಗಿದೆ, ಫೋಟೋದಲ್ಲೂ ಅಡ್ಡ ಬರುವುದಿಲ್ಲ. ಆದರೆ ಭಾಷಣಕಾರರು ಸಭೆಯ ಕಡೆ ಮುಖ ಮಾಡಿದಾಗ ಮೈಕಿನ ಮುಖ ಅವರ ಕಡೆ, ಎಂದರೆ ನೇರ ಹಿಂಗೋಡೆಯ ಕಡೆ ತಿರುಗಿರುತ್ತದೆ. ಇಂಥ ಸಭೆಗಳಲ್ಲಿ ಬಳಸುವ ಕಾರ್ಡಿಯಾಯ್ಡ್ ಮೈಕ್ ಎದುರಿನದನ್ನು ಹೆಚ್ಚು ಹಿಡಿಯುತ್ತದೆ, ಪಕ್ಕದ್ದನ್ನು ಸುಮಾರು 6 ಡೆಸಿಬಲ್ ಕಡಿಮೆ, ಬೆನ್ನ ಹಿಂದಿನದನ್ನು ಅತಿ ಕಡಿಮೆ. ಇಲ್ಲಿ ಸ್ಪೀಕರ್ ಇರುವುದು ಮೈಕ್ ಅತ್ಯಂತ ಚುರುಕಾಗಿ ಕೇಳುವ ದಿಕ್ಕಿನಲ್ಲಿ. ಪರಿಹಾರ: ಎರಡನ್ನೂ ವೇದಿಕೆಯ ಮುಂದಂಚಿನ ಆಚೆಗೆ, ಮೈಕಿಗಿಂತ ಸಭೆಯ ಕಡೆಗೆ ತರುವುದು. ಆಗ ಸ್ಪೀಕರಿನ ಬಾಯಿ ಮೈಕಿಗೆ ಬೆನ್ನು ಹಾಕುತ್ತದೆ, ಮೈಕೂ ಸ್ಪೀಕರಿಗೆ ಬೆನ್ನು ಹಾಕುತ್ತದೆ. ಗಾಯಕರು ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಈ ಲಾಭ ಹೋಗುತ್ತದೆ ಎಂಬ ಎಚ್ಚರಿಕೆಯನ್ನೂ ಪತ್ರ ಮರೆತಿಲ್ಲ. ಮುಚ್ಚಿದ ಮೈಕ್ ಎಲ್ಲ ದಿಕ್ಕನ್ನೂ ಒಂದೇ ಸಮ ಕೇಳತೊಡಗುತ್ತದೆ.

ಚಿತ್ರದ ಕೊರತೆ ಎಂದರೆ ಅದು ಮೇಲಿನಿಂದ ನೋಡಿದ ನಕ್ಷೆ ಮಾತ್ರ. ಸ್ಪೀಕರ್ ಎಷ್ಟು ಎತ್ತರ ಇರಬೇಕು ಎಂಬುದು ಅದರಲ್ಲಿ ಕಾಣುವುದಿಲ್ಲ, ಬರಹದಲ್ಲೂ ಇಲ್ಲ. ಎದೆಮಟ್ಟದಲ್ಲಿ ನಿಂತ ಸ್ಪೀಕರಿನ ದನಿಯನ್ನು ಮುಂದಿನ ಸಾಲಿನವರ ಮೈ ಬಟ್ಟೆಗಳೇ ನುಂಗುತ್ತವೆ. ಹಿಂದಿನವರು ಕೇಳಿಸುತ್ತಿಲ್ಲ ಎಂದು ಕೈ ಎತ್ತುತ್ತಾರೆ, ಆಪರೇಟರ್ ಏರಿಸುತ್ತಾನೆ, ಕೂಗು ಮತ್ತೆ ಬರುತ್ತದೆ. ತಲೆಗಳ ಮೇಲೆ ಎತ್ತಿ, ಹಿಂದಿನ ಸಾಲುಗಳ ಕಡೆಗೆ ಸ್ವಲ್ಪ ಬಗ್ಗಿಸಿ ಎಂಬ ಒಂದು ಮಾತು ಇರಬೇಕಿತ್ತು.

ಇದಕ್ಕಿಂತ ದೊಡ್ಡ ತಕರಾರು ದೂರದ ಲೆಕ್ಕದ್ದು. ಮೈಕಿಗೂ ಸ್ಪೀಕರಿಗೂ ನಡುವಿನ ಅಂತರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಉಳಿತಾಯ ಎಂದು ಪತ್ರ ಧೈರ್ಯವಾಗಿ ಹೇಳುತ್ತದೆ. ಬಯಲಾಟದ ಮೈದಾನಕ್ಕೆ ಇದು ಸರಿ. ಈ ಭವನ 18 ಮೀಟರ್ ಉದ್ದ, 12 ಅಗಲ, 5 ಎತ್ತರ. ನೆಲಕ್ಕೆ ಟೈಲ್ಸ್, ಗೋಡೆಗೆ ಗಾರೆ, ಮೇಲೆ ಕಾಂಕ್ರೀಟು, ಕೂರಲು ಪ್ಲಾಸ್ಟಿಕ್ ಕುರ್ಚಿ. ಜನ ಒಂದಷ್ಟು ತುಂಬಿ, ದನಿ ನಂದಲು 2 ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೂ, ಸಾಮಾನ್ಯ ಸ್ಪೀಕರಿನ ಎದುರು ಸುಮಾರು 3 ಮೀಟರ್ ದಾಟಿದ ಮೇಲೆ ಅದರ ನೇರ ದನಿಗಿಂತ ಗೋಡೆಗಳಿಂದ ತಿರುಗಿ ಬರುವ ದನಿಯೇ ಮೇಲುಗೈ. ಆ ದನಿ ಭವನದ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟ. ಅಲ್ಲಿಂದಾಚೆ ಸ್ಪೀಕರನ್ನು ಎಷ್ಟು ದೂರ ಎಳೆದರೂ ಲಾಭ ಅತ್ಯಲ್ಪ, ಗೆಲ್ಲಿಸುವುದು ದಿಕ್ಕು. ಬಾಯಿ ಬರಿ ಗೋಡೆಯ ಬದಲು ಜನರ ಕಡೆ ಇದ್ದರೆ ತಿರುಗಿ ಬರುವುದೇ ಕಡಿಮೆ. ಹಾರ್ವರ್ಡಿನಲ್ಲಿ ವಾಲೇಸ್ ಸಬೈನ್ 1895ರಲ್ಲಿ ಶುರುಮಾಡಿದ ಪ್ರಯೋಗಗಳೂ ಇದೇ ಜಾಡಿನವು: ಮಾತು ಅರ್ಥವಾಗದಷ್ಟು ಮೊರೆಯುತ್ತಿದ್ದ ಹೊಸ ಉಪನ್ಯಾಸ ಕೊಠಡಿಗೆ ಪಕ್ಕದ ರಂಗಮಂದಿರದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು, ಎಷ್ಟು ಮೆತ್ತೆಗೆ ಎಷ್ಟು ಮೊರೆತ ತಗ್ಗುತ್ತದೆಂದು ಅಳೆದರು. ತಂತ್ರಜ್ಞರ ಪತ್ರದಲ್ಲಿ ಗೋಡೆಯ ಮಾತೇ ಇಲ್ಲ. ಹಾಗಾಗಿ ಸ್ಪೀಕರ್ ಸರಿಸಿದ ಮೇಲೂ ಒಂದು ತಗ್ಗಿದ ‘ಊಂ’ ಉಳಿದರೆ ಸಮಿತಿಗೆ ದಿಕ್ಕು ತೋಚದು. ಕೆಳಸ್ವರಗಳು ಸ್ಪೀಕರಿನ ಬೆನ್ನಿನಿಂದಲೂ ಹೊಮ್ಮುತ್ತವೆ, ಅವುಗಳಿಗೆ ಎದುರು ಹಿಂದು ಎಂಬ ಭೇದ ಕಡಿಮೆ. ‘ಕೀ’ ಎಂಬ ಕಿರುಚಾಟ ನಿಂತು ‘ಊಂ’ ಮಾತ್ರ ಉಳಿದರೆ ಸ್ಪೀಕರಿನ ಜಾಗ ಸರಿಯಾಗಿದೆ ಎಂದೇ ಅರ್ಥ. ಭಾಷಣದ ಮೈಕಿಗೆ ಮಿಕ್ಸರಿನಲ್ಲಿ 100 ಹರ್ಟ್ಸಿನ ಕೆಳಗಿನದನ್ನು ಕತ್ತರಿಸುವ ಗುಂಡಿಯಿದ್ದರೆ ಅದನ್ನು ಒತ್ತಿ ನೋಡಬಹುದು.

ಮೂರನೇ ಪುಟದ ಕೊನೆಯಲ್ಲಿ, ಸಹಿಗೆ ಮುಂಚೆ, ಅರ್ಧ ಸಾಲು: ‘ಮಾತಾಡುವವರು ಮೈಕ್ ಹತ್ತಿರ ಹಿಡಿದರೆ ಒಳ್ಳೆಯದು.’ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಇರಬೇಕಾದ ಮಾತು. ಬಾಯಿಗೂ ಮೈಕಿಗೂ 60 ಸೆಂಟಿಮೀಟರ್ ಇದ್ದದ್ದು 15ಕ್ಕೆ ಇಳಿದರೆ ಮೈಕಿಗೆ ಬೀಳುವ ದನಿ 12 ಡೆಸಿಬಲ್ ಏರುತ್ತದೆ. ಇಷ್ಟು ಹತ್ತಿರದಲ್ಲಿ ಗೋಡೆಯ ತಂಟೆಯಿಲ್ಲ, ಲೆಕ್ಕ ಹಾಗೇ ನಿಲ್ಲುತ್ತದೆ. ಸ್ಪೀಕರ್ ಎಲ್ಲಿಗೆ ಸರಿಸಿದರೂ ಬರೀ ದೂರದಿಂದ ಈ ಭವನದಲ್ಲಿ ಅಷ್ಟು ದಕ್ಕುವುದಿಲ್ಲ. ಅರ್ಧ ಸಾಲಿಗೆ ಇಳಿದದ್ದೇಕೆಂದು ಊಹಿಸುವುದು ಕಷ್ಟವಲ್ಲ: ಪತ್ರ ಓದುವ ಪದಾಧಿಕಾರಿಗಳೇ ಮೈಕನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು ಮಾತಾಡುವವರು. ಅಧ್ಯಕ್ಷರಿಗೆ ಪಾಠ ಹೇಳುವುದಕ್ಕಿಂತ ಸ್ಪೀಕರಿಗೆ ಹೇಳುವುದು ಕ್ಷೇಮ.

ತೆರೆದ ಮೈಕುಗಳ ವಿಷಯದಲ್ಲಿ ಮಾತ್ರ ಅವರು ಮುಲಾಜು ತೋರಿಲ್ಲ. ವೇದಿಕೆಯ ಮೇಲೆ ತೆರೆದಿಟ್ಟ ಮೈಕ್ ಎರಡು ಪಟ್ಟಾದಾಗಲೆಲ್ಲ 3 ಡೆಸಿಬಲ್ ನಷ್ಟ. ಒಂದರ ಬದಲು ನಾಲ್ಕು ತೆರೆದಿದ್ದರೆ 6. ಮಾತಾಡುವವರದ್ದು ಬಿಟ್ಟು ಉಳಿದದ್ದನ್ನು ಮುಚ್ಚಿ ಎಂಬ ಸಲಹೆ ಸರಿ. ಹಿಂದಿನ ದಿನ ಖಾಲಿ ಭವನದಲ್ಲಿ ದನಿ ನಿಧಾನ ಏರಿಸಿ, ಮೊಳಗು ಶುರುವಾದಲ್ಲಿಂದ 6 ಡೆಸಿಬಲ್ ಇಳಿಸಿ ಗುರುತು ಹಾಕಿಕೊಳ್ಳಿ ಎಂಬುದೂ ಸರಿಯೇ. ಜನ ತುಂಬಿದ ಮೇಲೆ ಮೊರೆತ ಇನ್ನೂ ತಗ್ಗುತ್ತದೆ.

ಆದರೆ ಈ ಗುರುತನ್ನು ಪಾಲಿಸಬೇಕಾದ ಆಪರೇಟರ್ ಕೂರುವುದು ಪರದೆಯ ಹಿಂದೆ, ವೇದಿಕೆಯ ಪಕ್ಕದ ಕೋಣೆಯಲ್ಲಿ. ಚಿತ್ರದಲ್ಲಿ ಆ ಕೋಣೆಯನ್ನು ತಂತ್ರಜ್ಞರೇ ಚೌಕ ಹಾಕಿ ತೋರಿಸಿದ್ದಾರೆ. ಮೊಳಗು ಶುರುವಾಗುವ ಮುನ್ನ ಮಾತಿನ ಬಾಲದಲ್ಲಿ ಬರುವ ಸಣ್ಣ ಗುಂಯ್‌ಗುಡುವಿಕೆ ಅಲ್ಲಿಗೆ ಕೇಳಿಸುವುದಿಲ್ಲ, ಕೊನೆಯ ಸಾಲಿನವರಿಗೆ ದನಿ ಸಾಲುತ್ತಿದೆಯೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಪತ್ರ ಕೇಳಿರುವುದು ಎರಡು ಸ್ಟ್ಯಾಂಡ್ ಮತ್ತು ಸ್ಪೀಕರಿಗೆ ಬೇಕಾದಷ್ಟು ಕೇಬಲ್. ಮಿಕ್ಸರನ್ನು ಸಭೆಯ ನಡುವಿಗೆ ತರಲು ಬೇಕಾದ ಇನ್ನೊಂದು ಉದ್ದದ ಕೇಬಲ್ ಆ ಪಟ್ಟಿಯಲ್ಲಿಲ್ಲ.