ಅಂಕಪಟ್ಟಿಯ ಅರಬಿ ಅನುವಾದ: ಪ್ರಥಮ ದರ್ಜೆ ‘ಮಕ್ಬೂಲ್’ ಆಗುವ ಬಗೆ

ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗಕ್ಕೋ ಉನ್ನತ ವ್ಯಾಸಂಗಕ್ಕೋ ಹೊರಡುವವರು ತಮ್ಮ ವಿಶ್ವವಿದ್ಯಾಲಯದ ಅಂಕಪಟ್ಟಿಯ ಫೋಟೋ ತೆಗೆದು ಅರಬಿ ಅನುವಾದಕ್ಕೆ ಕಳುಹಿಸುವುದು ಈಗ ಸಾಮಾನ್ಯ. ಹೀಗೆ ಸಿದ್ಧವಾದ ಕೆಲವು ಅನುವಾದಗಳನ್ನು ನಾವು ಮೂಲದೊಂದಿಗೆ ಇಟ್ಟು ಓದಿದೆವು. ಅವುಗಳಲ್ಲಿ ವ್ಯಾಕರಣದ ದೋಷ ಕಡಿಮೆ, ಅಕ್ಷರ ವಿನ್ಯಾಸವೂ ಅಂದವಾಗಿದೆ. ಆದರೆ ಅಭ್ಯರ್ಥಿ ಏನು ಓದಿದ್ದಾನೆ, ಎಷ್ಟು ಓದಿದ್ದಾನೆ, ಹೇಗೆ ಉತ್ತೀರ್ಣನಾಗಿದ್ದಾನೆ ಎಂಬ ಮೂರು ಪ್ರಶ್ನೆಗಳಿಗೆ ಅರಬ್ ಓದುಗನಿಗೆ ಸಿಗುವ ಉತ್ತರ ಮೂಲದ್ದಲ್ಲ.

ವಿಷಯಗಳ ಹೆಸರಿನಿಂದಲೇ ಆರಂಭಿಸೋಣ. ನಮ್ಮಲ್ಲಿ ‘ಪೇಪರ್’ ಎಂದರೆ ಪರೀಕ್ಷೆಯ ವಿಷಯ. ನಿಘಂಟು ನೋಡಿ ಅದನ್ನು ‘ವರಕ’ ಎಂದು ಬರೆದವರಿದ್ದಾರೆ. ಅರಬಿಯಲ್ಲಿ ಅದು ಕಾಗದದ ಹಾಳೆ. ‘ಎರಡನೆಯ ಪೇಪರ್’ ಅಲ್ಲಿಯ ಅಧಿಕಾರಿಗೆ ‘ಎರಡನೆಯ ಹಾಳೆ’ಯಾಗಿ ಕಂಡರೆ ಮೊದಲನೆಯ ಹಾಳೆ ಎಲ್ಲಿ ಎಂದು ಆತ ಕೇಳುವುದು ಸಹಜ. ಅಲ್ಲಿ ಸಲ್ಲುವ ಶಬ್ದ ‘ಮುಕರ್ರರ್’ ಅಥವಾ ‘ಮಾದ್ದ’. ಹಾಗೆಯೇ ನಾವು ‘ಕೋರ್ಸ್’ ಎನ್ನುವಾಗ ಒಮ್ಮೆ ಇಡೀ ಬಿ.ಕಾಂ. ಪದವಿಯನ್ನು, ಇನ್ನೊಮ್ಮೆ ಅದರೊಳಗಿನ ಒಂದು ವಿಷಯವನ್ನು ಸೂಚಿಸುತ್ತೇವೆ. ಎರಡಕ್ಕೂ ಒಂದೇ ಅರಬಿ ಪದ ಹಾಕಿದರೆ ಮೂರು ವರ್ಷದ ಪದವಿ ಒಂದು ವಿಷಯದ ಮಟ್ಟಕ್ಕೆ ಇಳಿಯುತ್ತದೆ.

ಕನ್ನಡಿಗರಿಗೆ ಮಾತ್ರ ಒದಗುವ ಸಂಕಟವೊಂದಿದೆ. ಭಾಷಾ ವಿಷಯದ ಸಾಲಿನಲ್ಲಿ ‘ಕನ್ನಡ’ ಎಂದಿರುತ್ತದೆ. ಅರಬಿ ಬರಹದಲ್ಲಿ ಹ್ರಸ್ವ ಸ್ವರಗಳನ್ನೂ ದ್ವಿತ್ವವನ್ನು ಸೂಚಿಸುವ ‘ಶದ್ದ’ವನ್ನೂ ಸಾಮಾನ್ಯವಾಗಿ ಬರೆಯುವುದಿಲ್ಲ. ಹಾಗಾಗಿ ಅನುವಾದಕ ಬರೆದ ಹೆಸರನ್ನು ಓದುಗ ‘ಕನದಿಯ್ಯ’ ಎಂದು ಓದುತ್ತಾನೆ, ಅಂದರೆ ಕೆನಡಾ ದೇಶದ ಭಾಷೆ! ಇಲ್ಲದ ಭಾಷೆಯೊಂದರಲ್ಲಿ ನಮ್ಮ ಹುಡುಗ 80 ಅಂಕ ಪಡೆದಂತಾಗುತ್ತದೆ. ‘ಕನ್ನಾದಾ’ ಎಂದು ದೀರ್ಘಾಕ್ಷರ ಮತ್ತು ಶದ್ದ ಸಹಿತ ಬರೆದು, ಪಕ್ಕದಲ್ಲಿ ‘ಭಾರತದ ಕರ್ನಾಟಕ ರಾಜ್ಯದ ಭಾಷೆ’ ಎಂದು ಅನುವಾದಕನ ಟಿಪ್ಪಣಿಯಾಗಿ ಸೇರಿಸಿದರೆ ಸಾಕು.

ವಿಷಯದ ಹೆಸರುಗಳಲ್ಲಾಗುವ ತಪ್ಪು ಹೆಚ್ಚಾಗಿ ಅಜಾಗರೂಕತೆಯದು. ಶ್ರೇಣಿಗಳಲ್ಲಾಗುವ ತಪ್ಪಿಗೆ ಬೇರೆ ಕಾರಣವಿದೆ. ಅಲ್ಲಿ ಅನುವಾದಕ ಪರೀಕ್ಷಕನ ಪೀಠವನ್ನೇರುತ್ತಾನೆ. ನಮ್ಮ ಹಳೆಯ ಪದ್ಧತಿಯಲ್ಲಿ ಶೇ. 60 ದಾಟಿದರೆ ಪ್ರಥಮ ದರ್ಜೆ. ಸೌದಿ ವಿಶ್ವವಿದ್ಯಾಲಯಗಳ ಸಾಮಾನ್ಯ ಕ್ರಮದಲ್ಲಿ 90ರ ಮೇಲೆ ‘ಮುಮ್ತಾಝ್’, 80ರ ಮೇಲೆ ‘ಜಯ್ಯಿದ್ ಜಿದ್ದನ್’, 70ರ ಮೇಲೆ ‘ಜಯ್ಯಿದ್’, 60ರ ಮೇಲೆ ‘ಮಕ್ಬೂಲ್’. 60ರ ಕೆಳಗಿನವನು ‘ರಾಸಿಬ್’, ಅಂದರೆ ಅನುತ್ತೀರ್ಣ. ಆ ಕೋಷ್ಟಕಕ್ಕೆ ಹೊಂದಿಸಿ ಬರೆದರೆ ಶೇ. 63ರ ಪ್ರಥಮ ದರ್ಜೆಯವನು ‘ಹೇಗೋ ಸ್ವೀಕಾರಾರ್ಹ’ನಾಗುತ್ತಾನೆ, ಶೇ. 58ರ ದ್ವಿತೀಯ ದರ್ಜೆಯವನು ನಪಾಸಾಗುತ್ತಾನೆ. ಇದನ್ನು ಕಂಡು ಮರುಗಿದ ಇನ್ನೊಬ್ಬ ಅನುವಾದಕ ಪ್ರಥಮ ದರ್ಜೆಯನ್ನು ‘ಮುಮ್ತಾಝ್’ ಎಂದು ಬರೆದುಬಿಡುತ್ತಾನೆ. ಉಪಕಾರ ಮಾಡಿದೆ ಎಂದು ಅವನ ಭಾವನೆ. ಪಕ್ಕದ ಸಾಲಿನಲ್ಲೇ 63 ಎಂಬ ಅಂಕಿ ಇರುವಾಗ ಅದನ್ನು ನೋಡುವ ಅಧಿಕಾರಿಗೆ ತಿದ್ದುಪಡಿಯ ಸಂಶಯ ಬರುತ್ತದೆ, ಉತ್ತರ ಹೇಳಬೇಕಾದವನು ಅಭ್ಯರ್ಥಿ.

ಅರಬ್ ಜಗತ್ತಿಗೆಲ್ಲ ಒಂದೇ ಅಳತೆ ಇದೆಯೆಂಬುದೂ ಭ್ರಮೆ. ಈಜಿಪ್ಟಿನ ಅನೇಕ ಕಾಲೇಜುಗಳಲ್ಲಿ 85ಕ್ಕೇ ‘ಮುಮ್ತಾಝ್’ ಸಿಗುತ್ತದೆ. ಆದ್ದರಿಂದ ಪ್ರಥಮ ದರ್ಜೆಯನ್ನು ‘ಅದ್ದರಜ ಅಲ್-ಊಲಾ’ ಎಂದು ಇದ್ದ ಹಾಗೆ ಅನುವಾದಿಸಿ, ಅಂಕವನ್ನು ಮುಟ್ಟದೆ, ಮೂಲದಲ್ಲಿರುವ ಶ್ರೇಣಿ ವಿವರಣೆಯನ್ನು ಪೂರ್ತಿ ಕೊಡುವುದೇ ಸರಿ. ಸಮಾನತೆ ನಿರ್ಣಯಿಸುವುದು, ಅವರು ‘ಮುಆದಲ’ ಎನ್ನುವುದು, ಆ ದೇಶದ ಸಂಸ್ಥೆಯ ಕೆಲಸ. ಅನುವಾದಕನಿಗೆ ಒಪ್ಪಿಸಿದ್ದು ಅಮಾನತ್ತು. ಅದಕ್ಕೆ ಕೂಡಿಸುವ ಹಕ್ಕೂ ಅವನಿಗಿಲ್ಲ, ಕಳೆಯುವ ಹಕ್ಕೂ ಇಲ್ಲ.

ಯುಜಿಸಿಯ ಹತ್ತು ಅಂಶಗಳ ಪದ್ಧತಿ ಬಂದ ಮೇಲೆ ಮತ್ತೊಂದು ತೊಡಕು ಸೇರಿದೆ. ಅದರಲ್ಲಿ ‘ಓ’ ಅತ್ಯುನ್ನತ ಶ್ರೇಣಿ, ಮೌಲ್ಯ 10. ‘ಎ ಪ್ಲಸ್’ಗೆ 9, ‘ಎ’ಗೆ 8. ಮೊದಲೆರಡನ್ನೂ ‘ಮುಮ್ತಾಝ್’ ಎಂದರೆ ಎರಡು ಶ್ರೇಣಿಗಳು ಒಂದಾಗುತ್ತವೆ. ‘ಓ’ಗೆ ‘ಮುತಮಯ್ಯಿಝ್’ ಎಂದೂ ‘ಎ ಪ್ಲಸ್’ಗೆ ‘ಮುಮ್ತಾಝ್’ ಎಂದೂ ಪ್ರತ್ಯೇಕಿಸಬಹುದು. ಇದರ ಜೊತೆಗೆ ಅಕ್ಷರದ ಆಕಾರದ ಸಮಸ್ಯೆಯೂ ಇದೆ. ಅರಬಿ ಅಂಕಿಗಳಲ್ಲಿ ಐದು ಎಂಬುದು ಹೆಚ್ಚುಕಡಿಮೆ ನಮ್ಮ ಸೊನ್ನೆಯ ಹಾಗೆ ದುಂಡಗೆ. ಸೊನ್ನೆ ಬರಿಯ ಚುಕ್ಕೆ. ಇಂಗ್ಲಿಷಿನ ‘ಓ’ ಅಕ್ಷರವನ್ನು ಅರಬಿ ಅಂಕಿಗಳ ನಡುವೆ ಹಾಗೇ ಬಿಟ್ಟರೆ ಅದು 5 ಎಂದು ಕಾಣಬಹುದು. ಬಲದಿಂದ ಎಡಕ್ಕೆ ಓಡುವ ಸಾಲಿನಲ್ಲಿ ಟೈಪ್ ಮಾಡಿದ ‘ಎ ಪ್ಲಸ್’ನ ಕೂಡು ಚಿಹ್ನೆ ಅಕ್ಷರದ ಇನ್ನೊಂದು ಬದಿಗೆ ಜಿಗಿಯುವುದೂ ಉಂಟು. ಅಂಕಗಳನ್ನು ಮೂಲದಲ್ಲಿರುವ ಅಂಕಿಗಳಲ್ಲೇ ಉಳಿಸಿ, ಅಕ್ಷರ ಶ್ರೇಣಿಯ ಪಕ್ಕ ಅರಬಿ ಪದ ಬರೆದರೆ ಈ ಗೊಂದಲ ಬಹುಪಾಲು ತಪ್ಪುತ್ತದೆ.

‘ಕ್ರೆಡಿಟ್’ ಪದದ ಕಥೆ ಇನ್ನೂ ಸ್ವಾರಸ್ಯದ್ದು. ನಿಘಂಟಿನ ಮೊದಲ ಅರ್ಥ ಹಿಡಿದವರು ‘ಇಅ್ತಿಮಾನ್’ ಎಂದು ಬರೆಯುತ್ತಾರೆ. ಅದು ಬ್ಯಾಂಕಿನ ಸಾಲಕ್ಕೆ ಸಂಬಂಧಿಸಿದ ಪದ. ಕೊಲ್ಲಿಯಲ್ಲಿ ವಿಶ್ವವಿದ್ಯಾಲಯದ ಕ್ರೆಡಿಟ್ ಎಂದರೆ ‘ಸಾಅ ಮುಅ್ತಮದ’, ಮಾನ್ಯ ಮಾಡಿದ ಗಂಟೆ. ಆದರೆ ಅಲ್ಜೀರಿಯಾದಲ್ಲಿ ಅದನ್ನೇ ‘ರಸೀದ್’ ಎನ್ನುತ್ತಾರೆ, ರಿಯಾದಿನಲ್ಲಿ ಈ ಶಬ್ದ ಕೇಳಿದವನಿಗೆ ಬ್ಯಾಂಕ್ ಖಾತೆಯ ಶಿಲ್ಕು ನೆನಪಾಗುತ್ತದೆ. ಪದವಷ್ಟೇ ಅಲ್ಲ, ತೂಕವೂ ಬೇರೆ. ಅಲ್ಜೀರಿಯಾದಲ್ಲಿ ಒಂದು ಸೆಮಿಸ್ಟರ್‌ಗೆ 30 ರಸೀದ್. ನಮ್ಮಲ್ಲಿ ಸಾಮಾನ್ಯವಾಗಿ ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಯ ಪ್ರಾಯೋಗಿಕ ತರಗತಿ ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಸೌದಿಯ ಲೆಕ್ಕ ಇದಕ್ಕೆ ಹತ್ತಿರದ್ದು. ಅನುವಾದ ಯಾವ ದೇಶಕ್ಕೆ ಹೋಗುತ್ತದೆ ಎಂದು ಮೊದಲೇ ವಿಚಾರಿಸದವನು ಈ ಪದವನ್ನು ಸರಿಯಾಗಿ ಆರಿಸಲಾರ.

ಇನ್ನು ಫೋಟೋ. ಮಡಿಕೆಯ ಗೆರೆ, ಲ್ಯಾಮಿನೇಷನ್ನಿನ ಹೊಳಪು, ಅಂಕಿಯ ಮೇಲೆ ಬಿದ್ದ ಮೊಹರು, ಇವುಗಳ ನಡುವೆ 8 ಯಾವುದು, 6 ಯಾವುದು ಎಂದು ಊಹಿಸಬೇಕಿಲ್ಲ, ಅಂಕಪಟ್ಟಿಯೇ ಹೇಳುತ್ತದೆ. ಉದಾಹರಣೆಗೆ ಒಂದು ಬಿ.ಕಾಂ. ಸೆಮಿಸ್ಟರ್ ತೆಗೆದುಕೊಳ್ಳೋಣ. ಹಣಕಾಸು ಲೆಕ್ಕಶಾಸ್ತ್ರ, ವಾಣಿಜ್ಯ ಕಾನೂನು, ವೆಚ್ಚ ಲೆಕ್ಕಶಾಸ್ತ್ರ ಇವಕ್ಕೆ ತಲಾ 4 ಕ್ರೆಡಿಟ್, ಕನ್ನಡಕ್ಕೆ 3, ಪರಿಸರ ಅಧ್ಯಯನಕ್ಕೆ 2, ಒಟ್ಟು 17. ಶ್ರೇಣಿ ಮೌಲ್ಯಗಳು ಕ್ರಮವಾಗಿ ಮಸುಕಾದ ಒಂದು ಅಂಕಿ, 7, 9, 8, 6. ಕೆಳಗೆ ಸರಾಸರಿ 7.76 ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಮಸುಕಾದದ್ದು 6 ಆಗಿದ್ದರೆ ಕ್ರೆಡಿಟ್‌ನಿಂದ ಗುಣಿಸಿ ಕೂಡಿದ ಮೊತ್ತ 124, ಸರಾಸರಿ 7.29. ಅದು 8 ಆಗಿದ್ದರೆ ಮೊತ್ತ 132, ಸರಾಸರಿ 7.76. ಅಂದಮೇಲೆ ಅದು 8. ಪಕ್ಕದ ಅಕ್ಷರ ಶ್ರೇಣಿ ‘ಎ’ ಎಂದಿದ್ದರೆ ಇನ್ನೂ ಖಚಿತ. ಎರಡು ಅಂಕಿಗಳು ಒಟ್ಟಿಗೆ ಮಸುಕಾಗಿದ್ದರೆ ಈ ಉಪಾಯ ಸಾಲದೆ ಹೋಗಬಹುದು. ಆಗ ‘ಮೂಲದಲ್ಲಿ ಅಸ್ಪಷ್ಟ’ ಎಂದು ಬರೆಯಬೇಕು, ಇಲ್ಲವೇ ಬೇರೆ ಫೋಟೋ ಕೇಳಬೇಕು.

ನಾವು ಹೋಲಿಸಿದ ಅನುವಾದಗಳಲ್ಲಿ ಹೆಚ್ಚಿನವುಗಳಿಗೆ ಶ್ರೇಣಿ ವಿವರಣೆಯೇ ಇರಲಿಲ್ಲ. ಕಾರಣ ಸರಳ. ಆ ಕೋಷ್ಟಕ ಅಂಕಪಟ್ಟಿಯ ಹಿಂಬದಿಯಲ್ಲಿತ್ತು, ಫೋಟೋ ತೆಗೆದವರು ಹಾಳೆಯನ್ನು ಮಗುಚಿರಲಿಲ್ಲ, ಅನುವಾದಕನೂ ಕೇಳಿರಲಿಲ್ಲ.